ತಲೆನೋವಿನ ಮಾತ್ರೆ ಕೊಡುವ ಮುನ್ನ: ಔಷಧ ಅಂಗಡಿಯವರಿಗೊಂದು ಬಹಿರಂಗ ಪತ್ರ

ಔಷಧ ಅಂಗಡಿಯ ಮಿತ್ರರೇ,

ನಾನು ತಾಲ್ಲೂಕು ಊರೊಂದರಲ್ಲಿ ರೋಗಿಗಳನ್ನು ನೋಡುವ ಫಿಜಿಷಿಯನ್. ತಲೆನೋವಿನವರು ಮೊದಲು ಬರುವುದು ನಿಮ್ಮ ಕೌಂಟರಿಗೆ. ನನ್ನ ಬಳಿ ಬರುವಷ್ಟರಲ್ಲಿ ತಿಂಗಳುಗಳು, ಎಷ್ಟೋ ಸಲ ವರ್ಷಗಳೇ ಕಳೆದಿರುತ್ತವೆ. ಹಾಗಾಗಿ ಈ ಪತ್ರ ಡಾಕ್ಟರುಗಳಿಗಲ್ಲ, ನಿಮಗೆ. ಚೀಟಿ ಇಲ್ಲದೆ ಏನೂ ಕೊಡಬೇಡಿ ಎಂದು ಉಪದೇಶ ಮಾಡುವ ಉದ್ದೇಶ ನನಗಿಲ್ಲ. ಪ್ಯಾರಾಸಿಟಮಾಲ್‌ಗೆ ಚೀಟಿ ಕೇಳುವ ಅಗತ್ಯವೂ ಇಲ್ಲ. ಡಬ್ಬಕ್ಕೆ ಕೈ ಹಾಕುವ ಮುಂಚೆ ಮೂರು ಮಾತು ಕೇಳಿ ಎನ್ನುವುದಷ್ಟೇ ನನ್ನ ವಿನಂತಿ: ಮಾತ್ರೆ ಯಾರಿಗೆ? ಈ ನೋವು ಹಳೆಯದೋ ಹೊಸದೋ? ಈ ತಿಂಗಳು ಎಷ್ಟು ದಿನ ಮಾತ್ರೆ ನುಂಗಿದ್ದಾರೆ? ಈ ಮೂರಕ್ಕೂ ಉತ್ತರ ಪಡೆಯಲು ಒಂದು ನಿಮಿಷ ಸಾಕು. ಯಾಕೆ ಇವೇ ಮೂರು ಎನ್ನುವುದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು.

ನಿಮ್ಮಲ್ಲಿಗೆ ಬರುವ ತಲೆನೋವುಗಳಲ್ಲಿ ಬಹುಪಾಲು ಎರಡೇ ಜಾತಿಯವು, ಮೈಗ್ರೇನ್ ಮತ್ತು ಟೆನ್ಶನ್ ತಲೆನೋವು. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ, ವರ್ಷವೊಂದರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಬಂದಿತ್ತು. ಟೆನ್ಶನ್ ತಲೆನೋವು ಮೂವರಲ್ಲಿ ಒಬ್ಬರಿಗೆ. ಇಷ್ಟು ಮಂದಿಯಲ್ಲಿ ಮೈಗ್ರೇನ್ ಎಂಬ ಹೆಸರು ಹೇಳಿಕೊಂಡು ಬರುವವರು ಕಡಿಮೆ. ಒಬ್ಬರು ಪಿತ್ತ ಅನ್ನುತ್ತಾರೆ, ಇನ್ನೊಬ್ಬರು ಸೈನಸ್, ಮತ್ತೊಬ್ಬರು ಬಿ.ಪಿ., ಮಗದೊಬ್ಬರು ಕನ್ನಡಕದ ನಂಬರು ಬದಲಾಗಿದೆ ಅನ್ನುತ್ತಾರೆ. ವಾಂತಿ ಆದ ಮೇಲೆ ತಲೆನೋವು ಇಳಿದುಹೋಗುವ "ಪಿತ್ತ" ಎಷ್ಟೋ ಸಲ ಮೈಗ್ರೇನೇ ಆಗಿರುತ್ತದೆ. ಬಿ.ಪಿ.ಯ ವಿಷಯವೂ ಅಷ್ಟೆ. 150, 160ರ ಒತ್ತಡ ಸಾಮಾನ್ಯವಾಗಿ ತಲೆನೋವು ತರುವುದಿಲ್ಲ. 180ಕ್ಕೂ 120ಕ್ಕೂ ಮೇಲೆ ಹೋದಾಗಿನ ಮಾತು ಬೇರೆ.

ಟೆನ್ಶನ್ ತಲೆನೋವಿನವರು ನೋವು ಎಲ್ಲಿ ಎಂದು ತೋರಿಸಲು ಎರಡೂ ಕೈ ಎತ್ತುತ್ತಾರೆ. ಹಣೆಯಿಂದ ಹಿಂದಲೆಯವರೆಗೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದಂತೆ ಎನ್ನುತ್ತಾರೆ. ಕತ್ತು, ಭುಜ ಸೆಟೆದುಕೊಂಡಿರುತ್ತವೆ. ನೋವಿದ್ದರೂ ಕೆಲಸ ನಡೆಯುತ್ತದೆ, ಊಟ ಸೇರುತ್ತದೆ, ಮೆಟ್ಟಿಲು ಹತ್ತಿದರೆ ಹೆಚ್ಚಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಹೋಗಬಹುದು, ವಾರವಿಡೀ ಸಣ್ಣಗೆ ಕಾಡಲೂಬಹುದು. ಇಂಥವರು ನಿಮ್ಮ ಅಂಗಡಿಗೆ ತಾವೇ ನಡೆದು ಬರುತ್ತಾರೆ, ಚಿಲ್ಲರೆ ಲೆಕ್ಕ ಹಾಕುತ್ತಾರೆ, ಮಾತೂ ಆಡುತ್ತಾರೆ.

ಮೈಗ್ರೇನಿನವರು ಆ ಹೊತ್ತಿನಲ್ಲಿ ಅಂಗಡಿಗೆ ಬರುವ ಸ್ಥಿತಿಯಲ್ಲೇ ಇರುವುದಿಲ್ಲ. ಕಿಟಕಿ ಮುಚ್ಚಿಸಿ, ಟಿ.ವಿ. ಆಫ್ ಮಾಡಿಸಿ, ಕತ್ತಲೆ ಕೋಣೆಯಲ್ಲಿ ಮಲಗಿರುತ್ತಾರೆ. ಕಣತಲೆ ಡಬಡಬ ಬಡಿಯುತ್ತಿರುತ್ತದೆ. ಸಾಮಾನ್ಯವಾಗಿ ಒಂದು ಪಕ್ಕ, ಆದರೆ ಎರಡೂ ಕಡೆ ಬಂದರೂ ಮೈಗ್ರೇನ್ ಮೈಗ್ರೇನೇ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ನೋವು ಏರುತ್ತದೆ. ವಾಕರಿಕೆ ಬರುತ್ತದೆ. ಒಗ್ಗರಣೆಯ ಘಾಟು, ಊದುಬತ್ತಿ, ಸೆಂಟು ಯಾವುದೂ ಆಗದು. ಔಷಧಿ ತೆಗೆದುಕೊಳ್ಳದೆ ಬಿಟ್ಟರೆ ನಾಲ್ಕು ಗಂಟೆಯಿಂದ ಮೂರು ದಿನದವರೆಗೂ ಇರುತ್ತದೆ. ಕೌಂಟರಿನಲ್ಲಿ ಇದನ್ನು ಹಿಡಿಯುವ ಉಪಾಯವೊಂದಿದೆ. ತಲೆನೋವು ಬಂದಾಗ ಹೊಟ್ಟೆ ತೊಳಸುತ್ತದೆಯೇ, ಬೆಳಕು ಕಂಡರೆ ಆಗುವುದಿಲ್ಲವೇ, ಆ ದಿನದ ಕೆಲಸ ಬಿಡಬೇಕಾಗುತ್ತದೆಯೇ ಎಂದು ಕೇಳಿ. ಮೂರರಲ್ಲಿ ಎರಡಕ್ಕೆ ಹೌದು ಎಂದರೆ ಮೈಗ್ರೇನ್ ಇರುವ ಸಂಭವ ಬಲವಾಗಿದೆ.

ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಗೆರೆಗಳು ಮಿನುಗುತ್ತವೆ. ನಿಧಾನವಾಗಿ ಹರಡಿಕೊಂಡು ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮಾಯವಾಗುತ್ತವೆ. ಇದು ಔರಾ. ನಿಮಗೆ ಇದು ತಿಳಿದಿರಬೇಕಾದ ಕಾರಣ ಒಂದೇ: ಔರಾ ಬರುವ ಹೆಣ್ಣುಮಕ್ಕಳಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಕೊಡಬಾರದು, ಅದು ಪಾರ್ಶ್ವವಾಯುವಿನ ಅಪಾಯವನ್ನು ಹೆಚ್ಚಿಸುತ್ತದೆ. ಗೆರೆಗಳು ಮೆಲ್ಲಗೆ ಹರಡುವ ಬದಲು ಇದ್ದಕ್ಕಿದ್ದಂತೆ ಕಣ್ಣು ಕತ್ತಲಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಅದನ್ನು ಔರಾ ಎಂದುಕೊಳ್ಳುವ ಹಾಗಿಲ್ಲ. ಪಾರ್ಶ್ವವಾಯು ಎಂದೇ ತಿಳಿದು ಓಡಬೇಕು.

ಇನ್ನು ನೋವನ್ನು ಎಬ್ಬಿಸುವ ಕಾರಣಗಳು. ಚಾಕೊಲೇಟು, ಚೀಸು, ವೈನು ಎಂಬ ಪಟ್ಟಿಯನ್ನು ಎಲ್ಲರೂ ಎಲ್ಲಿಂದಲೋ ಓದಿಕೊಂಡು ಬಂದಿರುತ್ತಾರೆ. ನಮ್ಮ ಕಡೆ ನಾನು ಕಾಣುವುದು ಬೇರೆಯೇ. ತಿಂಡಿ ತಿನ್ನದೆ ಬಸ್ಸು ಹಿಡಿಯುವುದು, ಸಂಕಷ್ಟಿಯ ಉಪವಾಸ, ಮದುವೆಮನೆಯ ನಿದ್ದೆಗೆಟ್ಟ ರಾತ್ರಿ, ಮಾರನೇ ದಿನ ಮಧ್ಯಾಹ್ನದವರೆಗೆ ಮಲಗುವುದು, ಬಿಸಿಲಲ್ಲಿ ಬೈಕು, ಮುಟ್ಟಿಗೆ ಎರಡು ದಿನ ಮುಂಚೆ. ತಲೆಸ್ನಾನವನ್ನೂ ಈ ಪಟ್ಟಿಗೆ ಸೇರಿಸಿ. ಉದ್ದ ಕೂದಲನ್ನು ತೊಳೆದು, ಒದ್ದೆ ತಲೆಯಲ್ಲೇ ಇದ್ದರೆ ಮೈಗ್ರೇನ್ ಏಳುತ್ತದೆ ಎಂದು ನಮ್ಮ ಹೆಂಗಸರು ಎಷ್ಟೋ ಕಾಲದಿಂದ ಹೇಳುತ್ತಿದ್ದರು, ಡಾಕ್ಟರುಗಳು ನಗುತ್ತಿದ್ದರು. ಮುಂಬಯಿಯ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ಅವರು ಇಂಥ 94 ಭಾರತೀಯ ರೋಗಿಗಳ ವಿವರವನ್ನು 2006ರಲ್ಲಿ ಅಂತರರಾಷ್ಟ್ರೀಯ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಆ ನಗು ಸ್ವಲ್ಪ ಕಡಿಮೆಯಾಯಿತು.

ಆದರೆ ಒಂದು ಕಾರಣ ಒಂಟಿಯಾಗಿ ನೋವು ತರುವುದು ಅಪರೂಪ. ನಿದ್ದೆಗೆಟ್ಟಿದ್ದರೂ ಹೊತ್ತಿಗೆ ಸರಿಯಾಗಿ ಉಂಡವರು ಪಾರಾಗಬಹುದು. ನಿದ್ದೆಗೆಟ್ಟು, ಉಪವಾಸವಿದ್ದು, ಬಿಸಿಲಿಗೂ ಬಿದ್ದವರು ಪಾರಾಗುವುದು ಕಷ್ಟ. ಇನ್ನೊಂದು ಗೊಂದಲವೂ ಇದೆ. ಮೈಗ್ರೇನ್ ಮಿದುಳಿನಲ್ಲಿ ಶುರುವಾಗುವುದು ನೋವಿಗಿಂತ ಎಷ್ಟೋ ಗಂಟೆ ಮೊದಲು. ಆಗ ಆಕಳಿಕೆ ಬರುತ್ತದೆ, ಕತ್ತು ಹಿಡಿಯುತ್ತದೆ, ಸಿಹಿ ತಿನ್ನುವ ಆಸೆಯಾಗುತ್ತದೆ. ಸಿಹಿ ತಿಂದದ್ದಕ್ಕೆ ತಲೆನೋವು ಬಂತು ಎನ್ನುವವರಲ್ಲಿ ಹಲವರಿಗೆ ತಲೆನೋವು ಬರಲಿದ್ದುದಕ್ಕೇ ಸಿಹಿ ಬೇಕೆನಿಸಿರುತ್ತದೆ. ಟೆನ್ಶನ್ ತಲೆನೋವಿನ ಪಟ್ಟಿ ಇಷ್ಟು ಸ್ವಾರಸ್ಯದ್ದಲ್ಲ. ಚಿಂತೆ, ನಿದ್ದೆಯ ಕೊರತೆ, ಹೊಲಿಗೆ ಮೆಷಿನ್ನಿನ ಮುಂದೆಯೋ ಮೊಬೈಲಿನ ಮುಂದೆಯೋ ಗಂಟೆಗಟ್ಟಲೆ ಬಗ್ಗಿದ ಕತ್ತು, ಇಷ್ಟೇ.

ಈಗ ತಿಂಗಳಿಗೆ ಎಷ್ಟು ದಿನ ಮಾತ್ರೆ ಎನ್ನುವ ಪ್ರಶ್ನೆ. ಇದಕ್ಕೆ ಉತ್ತರ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ವಾರಕ್ಕೊಮ್ಮೆ ಶೀಟು ಒಯ್ಯುವ ಆಕೆಯ ಮುಖ ನಿಮಗೆ ಪರಿಚಯ. ಮೈಗ್ರೇನ್ ಅಥವಾ ಟೆನ್ಶನ್ ತಲೆನೋವು ಇರುವವರು ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ತಿಂಗಳಿಗೆ 15 ದಿನವೋ ಹೆಚ್ಚೋ ಮೂರು ತಿಂಗಳಿಗೂ ಮೀರಿ ನುಂಗಿದರೆ, ಮಾತ್ರೆಯೇ ತಲೆನೋವನ್ನು ದಿನನಿತ್ಯದ್ದಾಗಿಸಬಹುದು. ಟ್ರಿಪ್ಟಾನ್, ಎರ್ಗೊಟಮಿನ್, ಟ್ರಮಡಾಲ್, ಎರಡು ಮೂರು ಔಷಧಿ ಸೇರಿಸಿದ ಮಾತ್ರೆಗಳಾದರೆ 10 ದಿನವೇ ಸಾಕು. ಬೆಳಗ್ಗೆ ಎದ್ದೊಡನೆ ನೋವು, ಮಾತ್ರೆ ನುಂಗಿದರೆ ಅರ್ಧ ದಿನ ಸುಮಾರು, ಸಂಜೆಗೆ ಮತ್ತೆ ನೋವು. ಇಂಥವರಿಗೆ ಇನ್ನೂ ಬಲವಾದ ಮಾತ್ರೆ ಕೊಡುವುದು ಉರಿಗೆ ಎಣ್ಣೆ ಸುರಿದಂತೆ. ಅವರಿಗೆ ಬೇಕಾದದ್ದು ನೋವು ಬಾರದಂತೆ ತಡೆಯುವ ಔಷಧಿ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಟೊಪಿರಮೇಟ್ ಇಂಥವುಗಳಲ್ಲಿ ಯಾವುದು ಯಾರಿಗೆ ಎಂದು ಡಾಕ್ಟರು ನೋಡಿ ಬರೆಯಬೇಕು. ಅಸ್ತಮಾ ಇರುವವರಿಗೆ ಪ್ರೊಪ್ರನೊಲಾಲ್ ಅಪಾಯಕಾರಿ, ಗರ್ಭಿಣಿಗೆ ಟೊಪಿರಮೇಟ್ ಆಗದು.

ಎರ್ಗೊಟಮಿನ್ ಮತ್ತು ಕೆಫೀನ್ ಬೆರೆಸಿದ ಮಾತ್ರೆಯ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಯಾಕೆಂದರೆ ಇದು ನಮ್ಮಲ್ಲಿ ಬಾಯಿಮಾತಿಗೇ ಸಿಗುತ್ತಿದೆ. ಎರ್ಗೊಟಮಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಗರ್ಭಿಣಿಗೆ, ಹೃದಯದ ತೊಂದರೆ ಇರುವವರಿಗೆ, ಹಿಡಿತಕ್ಕೆ ಬಾರದ ಬಿ.ಪಿ.ಯವರಿಗೆ ಅದನ್ನು ಕೊಡುವಂತಿಲ್ಲ. ಅದೇ ವಾರ ಗಂಟಲು ನೋವಿಗೆಂದು ಎರಿತ್ರೊಮೈಸಿನ್ ಅಥವಾ ಕ್ಲಾರಿತ್ರೊಮೈಸಿನ್ ನಡೆಯುತ್ತಿದ್ದರೆ ಎರ್ಗೊಟಮಿನ್ ದೇಹದಲ್ಲಿ ಕರಗದೆ ಏರುತ್ತಾ ಹೋಗಿ ಕೈಕಾಲಿನ ಬೆರಳುಗಳು ತಣ್ಣಗಾಗುತ್ತವೆ, ಕಪ್ಪಾಗಿ ಕೊಳೆಯುವ ಹಂತಕ್ಕೂ ಹೋಗಬಹುದು. ಎರಡೂ ಔಷಧಿ ಒಂದೇ ಅಂಗಡಿಯಿಂದ ಹೋಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ತಡೆಯಬಲ್ಲವರು ನೀವೊಬ್ಬರೇ.

ಇಷ್ಟು ಹಳೆಯ ನೋವುಗಳ ಮಾತು. ಹಳೆಯ ಜಾಡಿನಲ್ಲೇ ಬಂದುಹೋಗುವ ಮೈಗ್ರೇನಿಗೂ ಟೆನ್ಶನ್ ತಲೆನೋವಿಗೂ, ಪರೀಕ್ಷೆಯಲ್ಲಿ ನರಗಳ ತೊಂದರೆ ಏನೂ ಕಾಣದಿದ್ದರೆ, ಸ್ಕ್ಯಾನ್ ಬೇಕಿಲ್ಲ. "ಸಮಾಧಾನಕ್ಕೆ ಒಂದು ಸಿ.ಟಿ. ಮಾಡಿಸಿಬಿಡಿ" ಎಂದು ನೀವು ಯಾರಿಗಾದರೂ ಹೇಳುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಹಣ ಹೋಗುತ್ತದೆ, ವಿಕಿರಣ ತಗಲುತ್ತದೆ, ತಲೆನೋವಿಗೆ ಸಂಬಂಧವೇ ಇಲ್ಲದ ಯಾವುದೋ ಚುಕ್ಕೆ ಕಂಡು ಮನೆಮಂದಿಯೆಲ್ಲ ವರ್ಷಗಟ್ಟಲೆ ಹೆದರುತ್ತಾರೆ. ಸ್ಕ್ಯಾನ್ ಬೇಕಾಗುವುದು ಜಾಡು ತಪ್ಪಿದ ನೋವಿಗೆ. ಅಂಥದ್ದೊಂದನ್ನು ಹತ್ತಿರದಿಂದ ತೋರಿಸುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಇಪ್ಪತ್ತನಾಲ್ಕು ವರ್ಷದ ಬಾಣಂತಿ. ಚೊಚ್ಚಲ ಹೆರಿಗೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್. ಮೂರನೇ ದಿನ ತಲೆನೋವು ಶುರುವಾಯಿತು. ಎದ್ದು ಕೂತರೆ ನೋವು, ಮಲಗಿದರೆ ಇಲ್ಲ. ಬೆನ್ನಿನ ಇಂಜೆಕ್ಷನ್ ಆದ ಮೇಲೆ ಕೆಲವರಿಗೆ ಬರುವ ನೋವು ಹೀಗೆಯೇ ಇರುತ್ತದೆ, ಸಾಮಾನ್ಯವಾಗಿ ವಾರದೊಳಗೆ ಹೋಗುತ್ತದೆ. ಆಸ್ಪತ್ರೆಯವರು ಹಾಗೆಂದು ಹೇಳಿಯೇ ಕಳಿಸಿದ್ದರು. ತವರಿಗೆ ಬಂದಳು. ಬಾಣಂತಿ ಮೈಗೆ ನೀರು ಸೇರಬಾರದೆಂದು ಕುಡಿಯುವ ನೀರನ್ನು ಲೋಟದ ಲೆಕ್ಕದಲ್ಲಿ ಕೊಡುವ ಮನೆ ಅದು. ಒಂಬತ್ತನೇ ದಿನದ ಹೊತ್ತಿಗೆ ನೋವು ಬಣ್ಣ ಬದಲಿಸಿತು. ಈಗ ಮಲಗಿದರೂ ಹೋಗದು, ರಾತ್ರಿ ಜಾಸ್ತಿ, ಬೆಳಗಿನ ಜಾವ ವಾಂತಿ. ಅವಳ ತಂದೆ ಅಂಗಡಿಗೆ ಹೋಗಿ ತಲೆನೋವಿನ ಮಾತ್ರೆ ತಂದರು. ಮಾರನೇ ದಿನ ಮತ್ತೆ. ಮೂರನೇ ಸಲ ಹೋದಾಗ ಇನ್ನೊಂದು ಬಗೆಯದು ಕೊಡಿ ಎಂದು ಕೇಳಿ ತಂದರು. ಅರವತ್ತರ ಯಜಮಾನರು ತಮಗೇ ಒಯ್ಯುತ್ತಿದ್ದಾರೆಂದು ಅಂಗಡಿಯ ಹುಡುಗ ಅಂದುಕೊಂಡಿದ್ದ. ಅವನ ತಪ್ಪೇನಿಲ್ಲ, ಅವನು ಕೇಳಲಿಲ್ಲ, ಅವರು ಹೇಳಲಿಲ್ಲ.

ಹನ್ನೆರಡನೇ ದಿನ ಮಗುವಿಗೆ ಹಾಲು ಕೊಡುತ್ತಿದ್ದಾಗ ಬಲಗೈ ಅದುರತೊಡಗಿತು, ನಂತರ ಮೈಯೆಲ್ಲ ಫಿಟ್ಸ್. ನನ್ನ ಬಳಿ ಬಂದಾಗ ಬಿ.ಪಿ. ಸರಿಯಾಗಿತ್ತು, ಮೂತ್ರದಲ್ಲಿ ಪ್ರೋಟೀನ್ ಇರಲಿಲ್ಲ. ಹೀಗಾಗಿ ಬಾಣಂತಿಯರಿಗೆ ಬರುವ ನಂಜಿನ ಫಿಟ್ಸ್ ಎನ್ನುವಂತಿರಲಿಲ್ಲ. ಆಫ್ತಲ್ಮೋಸ್ಕೋಪ್ ಹಿಡಿದು ಕಣ್ಣಿನೊಳಗೆ ನೋಡಿದರೆ ಎರಡೂ ಕಡೆ ದೃಷ್ಟಿನರದ ತುದಿ ಊದಿಕೊಂಡಿತ್ತು. ತಲೆಯೊಳಗೆ ಒತ್ತಡ ಏರಿದೆ ಎಂಬುದಕ್ಕೆ ಅದು ಗುರುತು. ಜಿಲ್ಲಾ ಕೇಂದ್ರದಲ್ಲಿ ತೆಗೆದ ಸಾದಾ ಸಿ.ಟಿ.ಯ ವರದಿಯಲ್ಲಿ ವಿಶೇಷವೇನೂ ಇಲ್ಲ ಎಂದಿತ್ತು. ಅಲ್ಲಿಗೆ ಬಿಡದೆ ಎಂ.ಆರ್.ಐ. ಜೊತೆಗೆ ಮಿದುಳಿನ ಅಭಿಧಮನಿಗಳ ಚಿತ್ರ ಕೊಡುವ ಎಂ.ಆರ್. ವೀನೋಗ್ರಾಮ್ ಮಾಡಿಸಿದೆವು. ನೆತ್ತಿಯ ಕೆಳಗೆ ಮುಂದಿನಿಂದ ಹಿಂದಕ್ಕೆ ಹರಿಯುವ ದೊಡ್ಡ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮಿದುಳಿನಿಂದ ರಕ್ತ ಹೊರಗೆ ಹೋಗುವ ದಾರಿಯೇ ಮುಚ್ಚಿದ್ದರಿಂದ ಒತ್ತಡ ಏರಿತ್ತು.

ಹೆರಿಗೆಯ ನಂತರದ ಆರು ವಾರ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ನೀರಿನಂಶ ಕಡಿಮೆಯಾದರೆ, ರಕ್ತಹೀನತೆಯೂ ಸೇರಿದರೆ ಅಪಾಯ ಇನ್ನೂ ಏರುತ್ತದೆ. ಚಿಕಿತ್ಸೆ ಹೆಪಾರಿನ್, ಆಮೇಲೆ ಕೆಲವು ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ. ಅವಳು ಚೇತರಿಸಿಕೊಂಡಳು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಇನ್ನು ಮುಂದೆ ಅವಳಿಗೆ ನಿಷಿದ್ಧ.

ಈ ಪ್ರಕರಣದಲ್ಲಿ ಎರಡು ಅಂಶ ಗಮನಿಸಿ. ಮೊದಲನೆಯದು, ಮಾತ್ರೆ ಕೊಳ್ಳುವವರೇ ರೋಗಿಯಾಗಿರಬೇಕಿಲ್ಲ. ಬಾಣಂತಿ ಅಂಗಡಿಗೆ ಬರುವುದೇ ಇಲ್ಲ. "ಯಾರಿಗೆ?" ಎಂಬ ಪ್ರಶ್ನೆ ಅಷ್ಟು ಮುಖ್ಯವಾಗುವುದು ಇದಕ್ಕೇ. ಎರಡನೆಯದು, ಸಿ.ಟಿ. ಸರಿಯಿದೆ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯಲಿಲ್ಲ. ಈ ಕಾಯಿಲೆಯಲ್ಲಿ ಸಾದಾ ಸಿ.ಟಿ. ಎಷ್ಟೋ ಸಲ ಸಹಜವಾಗಿಯೇ ಕಾಣುತ್ತದೆ. ಬಾಣಂತಿಯ ತಲೆನೋವು ಹೆಚ್ಚುತ್ತಿದ್ದರೆ, ಕೈಯಲ್ಲಿ ಸರಿಯಾದ ಸ್ಕ್ಯಾನ್ ವರದಿ ಹಿಡಿದು ಬಂದಿದ್ದರೂ ವಾಪಸು ಡಾಕ್ಟರ ಬಳಿಗೇ ಕಳಿಸಿ. ಗರ್ಭಿಣಿಯಾದರೆ ಮೊದಲು ಬಿ.ಪಿ. ನೋಡಿಸಲು ಹೇಳಿ.

ಜಾಡು ತಪ್ಪುವ ಇನ್ನೊಂದು ರೀತಿ ಸಿಡಿಲಿನಂಥ ನೋವು. ಒಂದು ನಿಮಿಷದೊಳಗೆ ಸೊನ್ನೆಯಿಂದ ತುತ್ತತುದಿಗೆ ಏರುತ್ತದೆ. ಯಾವ ಕ್ಷಣದಲ್ಲಿ, ಏನು ಮಾಡುತ್ತಿದ್ದಾಗ ಶುರುವಾಯಿತೆಂದು ರೋಗಿ ಹೇಳಬಲ್ಲರು. ಮೈಗ್ರೇನ್ ಎಷ್ಟೇ ಜೋರಾದರೂ ಸಾಮಾನ್ಯವಾಗಿ ಹೀಗೆ ಏರುವುದಿಲ್ಲ, ಅದಕ್ಕೆ ಅರ್ಧ ಗಂಟೆಯಾದರೂ ಬೇಕಾಗುತ್ತದೆ. ಸಿಡಿಲಿನಂಥ ನೋವೆಂದರೆ ಮಿದುಳಿನ ರಕ್ತನಾಳದ ಉಬ್ಬು ಒಡೆದು ರಕ್ತ ಸೋರುತ್ತಿರಬಹುದು. ಇಲ್ಲಿ ಸಾದಾ ಸಿ.ಟಿ.ಯೇ ಸರಿಯಾದ ಸ್ಕ್ಯಾನ್, ಆದರೆ ಹೊತ್ತು ಮುಖ್ಯ. ಒಳ್ಳೆಯ ಯಂತ್ರದಲ್ಲಿ ಆರು ಗಂಟೆಯೊಳಗೆ ತೆಗೆದರೆ ರಕ್ತ ಹೆಚ್ಚುಕಡಿಮೆ ತಪ್ಪದೆ ಕಾಣುತ್ತದೆ. ದಿನ ಕಳೆದಂತೆ ಆ ಭರವಸೆ ಇಳಿಯುತ್ತದೆ, ಆಗ ಬೆನ್ನುಹುರಿಯ ನೀರು ತೆಗೆದು ನೋಡಬೇಕು ಇಲ್ಲವೇ ರಕ್ತನಾಳಗಳ ಸಿ.ಟಿ. ಆಂಜಿಯೋ ಮಾಡಬೇಕು. ನಿಮ್ಮ ಮಾತ್ರೆಯಿಂದ ನೋವು ಸ್ವಲ್ಪ ಇಳಿದರೂ ಮೋಸಹೋಗಬೇಡಿ. ರಕ್ತಸ್ರಾವದ ನೋವೂ ಮಾತ್ರೆಗೆ ಇಳಿಯುತ್ತದೆ.

ಮೂರನೆಯದು ವಯಸ್ಸಾದವರದ್ದು. ಎಪ್ಪತ್ತರ ಅಜ್ಜ ಬಚ್ಚಲಲ್ಲಿ ಜಾರಿ ತಲೆ ತಾಗಿಸಿಕೊಂಡರು, ಆಗ ಏನೂ ಆಗಲಿಲ್ಲ, ಮನೆಯವರು ಮರೆತರು. ಮೂರು ನಾಲ್ಕು ವಾರದ ನಂತರ ಸಣ್ಣಗೆ ತಲೆನೋವು, ಹಗಲೂ ಮಂಪರು, ನಡಿಗೆ ಒಂದು ಕಡೆಗೆ ವಾಲುತ್ತದೆ. ತಲೆಬುರುಡೆಯ ಒಳಪದರದಲ್ಲಿ ನಿಧಾನವಾಗಿ ರಕ್ತ ತುಂಬುತ್ತಿದ್ದರೆ ಹೀಗಾಗುತ್ತದೆ. ವಾರ್ಫರಿನ್, ಕ್ಲೊಪಿಡೋಗ್ರೆಲ್, ಆಸ್ಪಿರಿನ್ ನುಂಗುವವರಲ್ಲಿ ಇದರ ಭಯ ಹೆಚ್ಚು, ಮತ್ತು ಅವರು ಏನು ನುಂಗುತ್ತಾರೆಂಬುದು ನಿಮ್ಮ ಬಿಲ್ಲಿನಲ್ಲೇ ಇದೆ. ಸಿ.ಟಿ.ಯಲ್ಲಿ ಕಂಡರೆ ಬುರುಡೆಗೆ ಸಣ್ಣ ರಂಧ್ರ ಕೊರೆದು ತೆಗೆಯುತ್ತಾರೆ, ಬಹಳಷ್ಟು ಮಂದಿ ಮತ್ತೆ ಮೊದಲಿನಂತಾಗುತ್ತಾರೆ. ಐವತ್ತು ದಾಟಿದ ಮೇಲೆ ಜೀವನದಲ್ಲೇ ಮೊದಲ ಬಾರಿಗೆ ಬಂದ ತಲೆನೋವನ್ನು, ಬಿದ್ದಿರಲಿ ಬಿಡಲಿ, ಮೈಗ್ರೇನ್ ಎನ್ನುವ ಹಕ್ಕು ನಮಗ್ಯಾರಿಗೂ ಇಲ್ಲ.

ಉಳಿದವನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಜ್ವರದ ಜೊತೆ ತಲೆನೋವಿದ್ದು ಕತ್ತು ಬಗ್ಗಿಸಲಾಗದಿದ್ದರೆ ಅಥವಾ ಮಾತು ಅಡ್ಡಾದಿಡ್ಡಿಯಾದರೆ ಮೆದುಳುಪೊರೆಯ ಸೋಂಕು ಇರಬಹುದು. ಕ್ಷಯದಿಂದ ಬಂದದ್ದಾದರೆ ವಾರಗಟ್ಟಲೆ ಸಣ್ಣ ಜ್ವರದಲ್ಲೇ ಅಡಗಿರುತ್ತದೆ. ತಲೆನೋವಿನ ಜೊತೆ ಮೊದಲ ಸಲ ಫಿಟ್ಸ್ ಬಂದರೆ, ಕೈಕಾಲು ಸೋತರೆ, ವಸ್ತು ಎರಡಾಗಿ ಕಂಡರೆ, ಬಗ್ಗಿ ಎದ್ದಾಗ ಕ್ಷಣಕಾಲ ಕಣ್ಣು ಕತ್ತಲಾದರೆ, ಕೆಮ್ಮಿದಾಗ ಮತ್ತು ಮಲಗಿದಾಗ ನೋವು ಏರುತ್ತಾ ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಕ್ಯಾನ್ಸರ್ ಅಥವಾ ಎಚ್.ಐ.ವಿ. ಇರುವವರಿಗೆ ಹೊಸದಾಗಿ ತಲೆನೋವು ಬಂದರೆ ಸ್ಕ್ಯಾನ್ ತಡವಾಗಬಾರದು. ಇವುಗಳಲ್ಲಿ ಸೇರದಿದ್ದರೂ ಅಷ್ಟೇ ಅವಸರದ ಒಂದಿದೆ. ಕಣ್ಣು ಕೆಂಪಾಗಿ, ದೀಪದ ಸುತ್ತ ಬಣ್ಣದ ಬಳೆ ಕಂಡು, ತಲೆ ಸಿಡಿಯುತ್ತಿದ್ದರೆ ಅದು ಗ್ಲಾಕೋಮಾ ಇರಬಹುದು. ಅವರಿಗೆ ಮಿದುಳಿನ ಸ್ಕ್ಯಾನಿಗಿಂತ ಕಣ್ಣಿನ ಡಾಕ್ಟರು ಅದೇ ದಿನ ಸಿಗಬೇಕು.

ಸ್ಕ್ಯಾನ್ ಬೇಕಾದ ಇಂಥವರು ಬಂದರೆ "ನಾಳೆ ತೋರಿಸಿ" ಎನ್ನಬೇಡಿ. 108ಕ್ಕೆ ಕರೆ ಮಾಡಿಸಿ, ಸಿ.ಟಿ. ಇರುವ ಆಸ್ಪತ್ರೆಗೆ ನೇರ ಕಳಿಸಿ. ಜೊತೆಗೆ ಒಂದು ಚೀಟಿಯಲ್ಲಿ ನೋವು ಶುರುವಾದ ಹೊತ್ತು ಮತ್ತು ನಿಮ್ಮಿಂದ ಒಯ್ದ ಮಾತ್ರೆಗಳ ಹೆಸರು ಬರೆದುಕೊಡಿ. ಆ ಚೀಟಿ ಕ್ಯಾಷ್ಯುಯಲ್ಟಿಯಲ್ಲಿ ನಮಗೆ ಅರ್ಧ ಗಂಟೆಯ ವಿಚಾರಣೆ ಉಳಿಸುತ್ತದೆ.

ಇಂತಿ ನಿಮ್ಮವ,
ತಾಲ್ಲೂಕಿನ ಒಬ್ಬ ವೈದ್ಯ